ಸರಾಸರಿಯ ಹಿಂದೆ ಅಡಗಿದ ದುಬಾರಿ ಆರ್ಡರ್

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಜಾಹೀರಾತು ಕೊಟ್ಟು ಇಳಕಲ್ ಸೀರೆ ಮಾರುವ ಒಂದು ಸಣ್ಣ ಅಂಗಡಿ ಇದೆ ಎಂದುಕೊಳ್ಳೋಣ. ಅಂಗಡಿ ಕಾಲ್ಪನಿಕ, ಅಂಕಿಗಳು ಲೆಕ್ಕ ಬಿಡಿಸಲು ಇಟ್ಟುಕೊಂಡವು. ಲೆಕ್ಕದ ಧಾಟಿ ಮಾತ್ರ ನಿಜ. ದಿನಕ್ಕೆ 3,000 ರೂಪಾಯಿ ಜಾಹೀರಾತಿಗೆ ಹೋಗುತ್ತದೆ. ವಾರಕ್ಕೆ ಸುಮಾರು 84 ಆರ್ಡರ್ ಬರುತ್ತವೆ. ಅಂದರೆ ಒಂದು ಆರ್ಡರ್ ತರಲು 250 ರೂಪಾಯಿ. ಎರಡು ತಿಂಗಳಿಂದ ಈ ಅಂಕಿ ಹೆಚ್ಚು ಕದಲಿಲ್ಲ. ಇಂಥ ಸ್ಥಿತಿಯಲ್ಲಿ ಯಾವ ಮಾಲೀಕನಿಗೂ ಹೊಳೆಯುವ ಪ್ರಶ್ನೆ ಒಂದೇ: ‘ದಿನಾ ಇನ್ನೂ ಎರಡ್ ಸಾವಿರ ಹಾಕಿದ್ರ ಇನ್ನೂ ಎಂಟ್ ಸೀರಿ ಹೋಗ್ತಾವಲ್ರೀ?’

ಹೋಗುವುದಿಲ್ಲ. ಬಜೆಟ್ಟನ್ನು 5,000ಕ್ಕೆ ಏರಿಸಿದರೆ ಆರ್ಡರ್ ದಿನಕ್ಕೆ 12ರಿಂದ 20ಕ್ಕಲ್ಲ, 17ಕ್ಕೆ ಏರುತ್ತದೆ. ವಾರಕ್ಕೆ 119. ಆದರೂ ಜಾಹೀರಾತಿನ ಪರದೆಯ ಮೇಲೆ ಕಾಣುವ ಸರಾಸರಿ 294 ರೂಪಾಯಿ. ಮಾಲೀಕ ಮನಸ್ಸಿನಲ್ಲಿಟ್ಟುಕೊಂಡ ಮಿತಿ 300 ಆಗಿದ್ದರೆ ಎಲ್ಲವೂ ಸರಿಯಾಗಿಯೇ ಇದೆ ಎನಿಸುತ್ತದೆ. ತಿಂಗಳ ಕೊನೆಗೆ ಕೈಯಲ್ಲಿ ಉಳಿದ ದುಡ್ಡು ಮಾತ್ರ ಬೇರೆ ಕತೆ ಹೇಳುತ್ತದೆ. ಆ ಕತೆ ಬಿಡಿಸಲು ಮೊದಲು ಒಂದು ಆರ್ಡರ್‌ನಿಂದ ಅಂಗಡಿಗೆ ನಿಜವಾಗಿ ಎಷ್ಟು ಗಿಟ್ಟುತ್ತದೆ ಎಂದು ನೋಡಬೇಕು.

ಸೀರೆಯ ಬೆಲೆ 1,800 ರೂಪಾಯಿ. ಅದರಲ್ಲಿ ಶೇ 5ರ ಜಿಎಸ್‌ಟಿ ತೆಗೆದರೆ ಕೈಗೆ 1,714. ನೇಕಾರರಿಗೆ ಕೊಟ್ಟದ್ದು 1,050, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 110, ದುಡ್ಡು ವಸೂಲಿ ಮಾಡಿಕೊಡುವವರಿಗೆ 40. ಉಳಿದದ್ದು 514. ಬಹಳ ಮಂದಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ನಮ್ಮ ದೇಶದ ಆನ್‌ಲೈನ್ ವ್ಯಾಪಾರಕ್ಕೆ ಕ್ಯಾಶ್ ಆನ್ ಡೆಲಿವರಿ ಎಂಬ ಬಾಲ ಇದೆ. ಬೆರಳು ಒತ್ತಿ ಆರ್ಡರ್ ಮಾಡಿದವರು ಪಾರ್ಸೆಲ್ ಬಾಗಿಲಿಗೆ ಬಂದಾಗ ‘ಬೇಡ’ ಎನ್ನುತ್ತಾರೆ, ಇಲ್ಲವೇ ಫೋನನ್ನೇ ಎತ್ತುವುದಿಲ್ಲ. ಪಾರ್ಸೆಲ್ ಬಂದ ದಾರಿಯಲ್ಲೇ ವಾಪಸು. ಕೊರಿಯರ್‌ನವರು ಇದಕ್ಕೆ ಆರ್‌ಟಿಒ ಎನ್ನುತ್ತಾರೆ. ಜಾಹೀರಾತಿನ ವ್ಯವಸ್ಥೆಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ‘ಆರ್ಡರ್ ಆಗಿದೆ, ಧನ್ಯವಾದ’ ಎಂಬ ಪುಟ ತೆರೆದ ಕೂಡಲೇ ಅದು ಒಂದು ಖರೀದಿ ಎಂದು ಬರೆದುಕೊಂಡಿರುತ್ತದೆ.

ನಮ್ಮ ಅಂಗಡಿಯ ನೂರು ಆರ್ಡರ್‌ಗಳಲ್ಲಿ 15 ಹೀಗೆ ವಾಪಸು ಬರುತ್ತವೆ ಎನ್ನೋಣ. ತಲುಪಿದ 85ರಿಂದ ಬಂದದ್ದು 43,690 ರೂಪಾಯಿ. ವಾಪಸಾದ ಪ್ರತಿ ಪಾರ್ಸೆಲ್‌ಗೂ ಹೋಗಿ ಬರುವ ಖರ್ಚು 200 ಎಂದರೆ 3,000 ನಷ್ಟ. ಉಳಿದ 40,690ನ್ನು ನೂರಕ್ಕೆ ಹಂಚಿದರೆ, ಪರದೆಯ ಮೇಲೆ ಕಾಣುವ ಒಂದು ಆರ್ಡರ್‌ನ ನಿಜವಾದ ಬೆಲೆ 407 ರೂಪಾಯಿ. 514 ಅಲ್ಲ. ಇದಕ್ಕಿಂತ ಹೆಚ್ಚು ಕೊಟ್ಟು ತಂದ ಆರ್ಡರ್ ಅಂಗಡಿಯ ಗಂಟನ್ನೇ ತಿನ್ನುತ್ತದೆ. ಇನ್ನೊಂದು ಸಂಗತಿ: ಜಾಹೀರಾತಿನ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಪರದೆಯ ಖರ್ಚಿನ ಕಾಲಂನಲ್ಲಿ ಅದು ಕಾಣುವುದಿಲ್ಲ. ನೋಂದಣಿ ಮಾಡಿಸಿಕೊಂಡು ಇನ್‌ಪುಟ್ ಕ್ರೆಡಿಟ್ ಪಡೆಯುವವರಿಗೆ ಇದು ಹೊರೆಯಲ್ಲ. ಪಡೆಯದವರಿಗೆ ಪರದೆಯ 250 ನಿಜದಲ್ಲಿ 295. ನಮ್ಮ ಅಂಗಡಿ ಕ್ರೆಡಿಟ್ ಪಡೆಯುತ್ತದೆ ಎಂದೇ ಇಟ್ಟುಕೊಳ್ಳೋಣ.

ಈಗ ಬಜೆಟ್ ಏರಿಸಿದ ಲೆಕ್ಕ. ದಿನಕ್ಕೆ 3,000 ಖರ್ಚಿದ್ದಾಗ ವಾರಕ್ಕೆ 21,000 ಹೋಗಿ 84 ಆರ್ಡರ್ ಬರುತ್ತಿತ್ತು. 407ರ ಲೆಕ್ಕದಲ್ಲಿ ಜಾಹೀರಾತಿನ ಖರ್ಚು ಕಳೆದು ಉಳಿಯುತ್ತಿದ್ದದ್ದು 13,188. ದಿನಕ್ಕೆ 4,000 ಮಾಡಿದಾಗ ವಾರಕ್ಕೆ 104 ಆರ್ಡರ್, ಸರಾಸರಿ 269, ಉಳಿಕೆ 14,328. ದಿನಕ್ಕೆ 5,000 ಮಾಡಿದಾಗ 119 ಆರ್ಡರ್, ಸರಾಸರಿ 294, ಉಳಿಕೆ 13,433.

ಕೊನೆಯ ಹೆಜ್ಜೆಯನ್ನಷ್ಟೇ ಬಿಡಿಸಿ ನೋಡಿ. ನಾಲ್ಕರಿಂದ ಐದು ಸಾವಿರಕ್ಕೆ ಹೋದಾಗ ವಾರಕ್ಕೆ 7,000 ಹೆಚ್ಚು ಖರ್ಚಾಯಿತು, ಬಂದದ್ದು ಬರೀ 15 ಆರ್ಡರ್. ಒಂದೊಂದಕ್ಕೆ 467 ರೂಪಾಯಿ. ಗಿಟ್ಟುವುದು 407 ಮಾತ್ರವಾದ್ದರಿಂದ ಒಂದೊಂದರ ಮೇಲೂ 60 ರೂಪಾಯಿ ಕೈಬಿಟ್ಟಿತು. ಆದರೆ ಪರದೆಯ ಮೇಲೆ ಎಲ್ಲೂ 467 ಎಂಬ ಅಂಕಿ ಕಾಣುವುದಿಲ್ಲ. ಮೊದಲ ನೂರಾ ನಾಲ್ಕು ಅಗ್ಗದ ಆರ್ಡರ್‌ಗಳ ಜೊತೆ ಈ ಹದಿನೈದು ದುಬಾರಿ ಆರ್ಡರ್‌ಗಳು ಬೆರೆತು 294 ಎಂಬ ಸಂಭಾವಿತ ಸರಾಸರಿಯಾಗಿ ನಿಂತಿರುತ್ತವೆ.

ಹೀಗಾಗುವುದಕ್ಕೆ ಕಾರಣ ಹರಾಜು. ಫೇಸ್‌ಬುಕ್‌ನಲ್ಲಿ ಯಾರಾದರೂ ಬೆರಳಾಡಿಸುತ್ತಾ ಒಂದು ಜಾಹೀರಾತಿನ ಜಾಗಕ್ಕೆ ಬಂದಾಗ, ಆ ಒಬ್ಬರ ಆ ಒಂದು ನೋಟಕ್ಕಾಗಿ ಜಾಹೀರಾತುದಾರರ ನಡುವೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹರಾಜು ನಡೆಯುತ್ತದೆ. ಗೆಲ್ಲುವವರು ಯಾರೆಂದು ತೀರ್ಮಾನಿಸಲು ಮೆಟಾ ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೂರನ್ನು: ಕೂಗಿದ ಬೆಲೆ, ಈ ವ್ಯಕ್ತಿ ಕೊಳ್ಳುವ ಸಂಭವ ಎಷ್ಟೆಂಬ ಅಂದಾಜು, ಜಾಹೀರಾತಿನ ಗುಣಮಟ್ಟ. ಮೊದಲೆರಡನ್ನು ಗುಣಿಸಿ ಮೂರನೆಯದನ್ನು ಕೂಡಿಸುತ್ತಾರೆ. ಹತ್ತು ಸಾವಿರ ಸಲ ತೋರಿಸಿದರೆ ಐವರು ಕೊಳ್ಳಬಹುದಾದಂಥ ಗುಂಪಿನಲ್ಲಿ, ಆರ್ಡರ್‌ಗೆ 400 ರೂಪಾಯಿ ಕೂಗಿದರೆ, ಒಂದು ನೋಟಕ್ಕೆ 20 ಪೈಸೆ ಕೂಗಿದಂತಾಯಿತು. ಒಬ್ಬರೇ ಕೊಳ್ಳಬಹುದಾದ ಗುಂಪಿನಲ್ಲಿ ಅದೇ 400ರ ಕೂಗು 4 ಪೈಸೆ.

ಬಜೆಟ್ ಕಡಿಮೆ ಇದ್ದಾಗ ಸಿಸ್ಟಂ ಅಗ್ಗಕ್ಕೆ ಸಿಕ್ಕುವ, ಸೀರೆ ಕೊಳ್ಳುವ ಸಂಭವ ಹೆಚ್ಚಿರುವ ನೋಟಗಳನ್ನು ಮೊದಲು ಹೆಕ್ಕಿಕೊಳ್ಳುತ್ತದೆ. ಬಜೆಟ್ ಏರಿಸಿದರೆ ಅದನ್ನು ಮುಗಿಸಲೇಬೇಕಲ್ಲ! ಹೆಚ್ಚು ಪೈಪೋಟಿಯ ನೋಟಗಳಿಗೂ ಕೂಗಬೇಕಾಗುತ್ತದೆ, ಆಸಕ್ತಿ ಕಡಿಮೆ ಇರುವವರ ಬಳಿಗೂ ಹೋಗಬೇಕಾಗುತ್ತದೆ. ಏನೂ ಆಯ್ಕೆ ಮಾಡದೆ ಬಿಟ್ಟರೆ ಸಿಗುವ ‘Highest volume’ ಎಂಬ ವಿಧಾನ ಮಾಡುವುದು ಇದನ್ನೇ: ಕೊಟ್ಟ ಬಜೆಟ್ಟನ್ನು ಪೂರ್ತಿ ಖರ್ಚು ಮಾಡಿ, ಅದಕ್ಕೆ ಎಷ್ಟು ಸಾಧ್ಯವೋ ಅಷ್ಟು ಆರ್ಡರ್ ತರುವುದು. ಹೊಸ ಅಂಗಡಿಗೆ ಇದೇ ಸರಿ. ಯಾವ ಬೆಲೆ ನ್ಯಾಯವೆಂದು ಮಾಲೀಕರಿಗೂ ಗೊತ್ತಿರುವುದಿಲ್ಲ, ಯಾರು ಕೊಳ್ಳುತ್ತಾರೆಂದು ಸಿಸ್ಟಂಗೂ ಗೊತ್ತಿರುವುದಿಲ್ಲ. ಒಂದು ಆ್ಯಡ್ ಸೆಟ್‌ಗೆ ವಾರದಲ್ಲಿ ಸುಮಾರು 50 ಆರ್ಡರ್ ಬಂದ ಮೇಲಷ್ಟೇ ಕಲಿಕೆಯ ಹಂತ ಮುಗಿಯುತ್ತದೆ ಎಂಬುದು ಮೆಟಾ ಕೊಡುವ ಅಳತೆ. ಅಲ್ಲಿಗೆ ಮುಟ್ಟದಿದ್ದರೆ ಪರದೆಯ ಮೇಲೆ ‘Learning limited’ ಎಂದು ಬರುತ್ತದೆ. ಆ ಹಂತದಲ್ಲಿ ಮಿತಿ ಹಾಕುವುದು ಅವಸರ.

ನಮ್ಮ ಅಂಗಡಿ ಆ ಹಂತ ದಾಟಿದೆ. ಅದರ ಮುಂದೆ ಈಗ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಬಳಕೆಯಲ್ಲಿ ಎಲ್ಲರೂ ಕಾಸ್ಟ್ ಕ್ಯಾಪ್ ಎಂದು ಕರೆಯುವ, ಈಗ ಪರದೆಯ ಮೇಲೆ ‘Cost per result goal’ ಎಂದು ಕಾಣುವ ವಿಧಾನ. ಇನ್ನೊಂದು ‘Bid cap’. ಹೆಸರು ಕೇಳಿದರೆ ಎರಡೂ ಒಂದೇ ಎನಿಸುತ್ತದೆ. ಪಳಗಿದವರೂ ಒಂದರ ಬದಲು ಇನ್ನೊಂದನ್ನು ಆರಿಸಿ ಪೇಚಿಗೆ ಸಿಲುಕುವುದುಂಟು.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ನೆನೆಸಿಕೊಂಡರೆ ವ್ಯತ್ಯಾಸ ಸಲೀಸಾಗಿ ಹಿಡಿಯುತ್ತದೆ. ರೀಲರೊಬ್ಬರು ತಮ್ಮ ಕಡೆಯವನನ್ನು ಹರಾಜಿಗೆ ಕಳಿಸುತ್ತಾರೆ. ‘ಇವತ್ತು ತಂದ ಗೂಡೆಲ್ಲಾ ಸೇರಿ ಕಿಲೋಗೆ ಸರಾಸರಿ 500 ಬಿದ್ದಿರಬೇಕು’ ಎಂದು ಹೇಳಿ ಕಳಿಸಿದರೆ ಅದು ಕಾಸ್ಟ್ ಕ್ಯಾಪ್. ಅವನು ಒಂದು ಲಾಟನ್ನು 440ಕ್ಕೆ ಹಿಡಿದರೆ ಇನ್ನೊಂದಕ್ಕೆ 560 ಕೂಗುವ ಧೈರ್ಯ ಮಾಡುತ್ತಾನೆ. ‘ಯಾವ ಲಾಟಿಗೂ 550ರ ಮೇಲೆ ಕೂಗಬೇಡ’ ಎಂದರೆ ಅದು ಬಿಡ್ ಕ್ಯಾಪ್. ಸರಾಸರಿ ಎಷ್ಟು ಬರುತ್ತದೋ ಬರಲಿ, ಆದರೆ ಒಂದು ಗೆರೆಯ ಆಚೆ ಯಾವ ಲಾಟೂ ಹೋಗುವುದಿಲ್ಲ.

ಈ ಭೇದ ತಿಳಿದ ಮೇಲೆ ಸೀರೆ ಅಂಗಡಿಯ ಮಾಲೀಕ ಕಾಸ್ಟ್ ಕ್ಯಾಪ್‌ನಲ್ಲಿ ಯಾವ ಅಂಕಿ ಹಾಕಬೇಕು? ಥಟ್ಟನೆ ಬರುವ ಉತ್ತರ ಹೀಗಿರುತ್ತದೆ: ಗಿಟ್ಟುವುದು 407, ಬಾಡಿಗೆ, ಸಂಬಳ, ಲಾಭಕ್ಕೆ ನೂರು ಚಿಲ್ಲರೆ ಇರಲಿ, 300 ಹಾಕೋಣ. ಮೇಲಿನ ಲೆಕ್ಕ ನೋಡಿದವರಿಗೆ ಇದರ ತಪ್ಪು ಕಾಣುತ್ತದೆ. 300ರ ಸರಾಸರಿ ಎಂದರೆ ಆ 467ರ ಆರ್ಡರ್‌ಗಳಿಗೂ ಬಾಗಿಲು ತೆರೆದಂತೆಯೇ, ಏಕೆಂದರೆ ಅವು ಸೇರಿದ ಮೇಲೂ ಸರಾಸರಿ 294ರಲ್ಲೇ ಇತ್ತು. ಹೆಚ್ಚು ಹಣ ಉಳಿದದ್ದು ಸರಾಸರಿ 269 ಇದ್ದಾಗ. ಹಾಗಾಗಿ ಈ ಅಂಗಡಿಯ ಮಟ್ಟಿಗೆ ಕಾಸ್ಟ್ ಕ್ಯಾಪ್ 270ರ ಆಸುಪಾಸು ಇರಬೇಕು. ಅದು ಲಾಭಾಂಶದಿಂದ ನೇರವಾಗಿ ಹುಟ್ಟುವ ಅಂಕಿಯಲ್ಲ. ಬಜೆಟ್ ಏರಿಸಿ ಇಳಿಸಿ ನೋಡಿದಾಗ ಸರಾಸರಿ ಹೇಗೆ ಏರುತ್ತದೆ ಎಂಬುದರಿಂದ ಹುಟ್ಟುವ ಅಂಕಿ.

ಬಿಡ್ ಕ್ಯಾಪ್ ಆರಿಸಿದರೆ ಲೆಕ್ಕ ತಿರುಗುಮುರುಗು. ಅಲ್ಲಿ 270 ಹಾಕಿದವರು ಕೆಡುತ್ತಾರೆ. ಪ್ರತಿ ಹರಾಜಿನಲ್ಲೂ 270ಕ್ಕೇ ಕೂಗು ನಿಂತುಬಿಟ್ಟರೆ ಅದಕ್ಕಿಂತ ಅಗ್ಗದವು ಮಾತ್ರ ಬರುತ್ತವೆ; ಮಾರಾಟ ಸೊರಗುತ್ತದೆ. ಅಲ್ಲಿ ಹಾಕಬೇಕಾದ್ದು ಒಂದು ಆರ್ಡರ್‌ನ ಪೂರ್ತಿ ಬೆಲೆ, ಅಂದರೆ 407ರ ಹತ್ತಿರದ ಅಂಕಿ. ಇದಕ್ಕೆ ಹಿಂದೆ ಒಂದು ಹಳೆಯ ಅರ್ಥಶಾಸ್ತ್ರ ಇದೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಗೆದ್ದವನು ತಾನು ಕೂಗಿದ್ದನ್ನೇ ಕೊಡಬೇಕಿಲ್ಲದ, ಎರಡನೆಯವನ ಕೂಗಿನಷ್ಟು ಕೊಟ್ಟರೆ ಸಾಕಾದ ಹರಾಜಿನಲ್ಲಿ, ವಸ್ತು ತನಗೆ ಎಷ್ಟು ಬೆಲೆಯದೋ ಅಷ್ಟನ್ನೇ ಕೂಗುವುದು ಜಾಣತನ ಎಂದು ತೋರಿಸಿದ್ದರು. ಈ ವಿಚಾರವನ್ನು ಮುಂದೆ ಕ್ಲಾರ್ಕ್, ಗ್ರೋವ್ಸ್ ಎಂಬಿಬ್ಬರು ಹಿಗ್ಗಿಸಿದರು. ಫೇಸ್‌ಬುಕ್ ತನ್ನ ಹರಾಜನ್ನು ಕಟ್ಟಿದ್ದು ಆ ತಳಹದಿಯ ಮೇಲೆಯೇ. ವಿಕ್ರಿಯವರಿಗೆ ನೊಬೆಲ್ ಬಂದದ್ದು 1996ರಲ್ಲಿ. ಪ್ರಶಸ್ತಿ ಘೋಷಣೆಯಾದ ಮೂರೇ ದಿನಕ್ಕೆ ಅವರು ತೀರಿಕೊಂಡರು.

ಹಾಗಾದರೆ ಎಲ್ಲರೂ ಬಿಡ್ ಕ್ಯಾಪ್ ಹಾಕಿಕೊಂಡು ಆರಾಮವಾಗಿ ಇರಬಹುದಲ್ಲ? ತಾತ್ವಿಕವಾಗಿ ಹೌದು. ದುಬಾರಿ ಆರ್ಡರ್‌ಗೆ ನೇರವಾಗಿ ಬಾಗಿಲು ಹಾಕುವುದು ಅದೊಂದೇ. ತೊಡಕಿರುವುದು ‘ಕೊಳ್ಳುವ ಸಂಭವ’ ಎಂಬ ಅಂದಾಜಿನಲ್ಲಿ. ಹತ್ತು ಸಾವಿರಕ್ಕೆ ಐವರು ಕೊಳ್ಳುತ್ತಾರೆ ಎಂದು ಸಿಸ್ಟಂ ಅಂದಾಜು ಮಾಡಿ, ನಿಜದಲ್ಲಿ ಮೂವರೇ ಕೊಂಡರೆ, 407 ಕೂಗಿದವರಿಗೆ ಆ ಆರ್ಡರ್ 678ರವರೆಗೂ ಬೀಳಬಹುದು. ಕಾಸ್ಟ್ ಕ್ಯಾಪ್‌ನಲ್ಲಾದರೆ ಫಲಿತಾಂಶ ದುಬಾರಿಯಾಗುತ್ತಿದೆ ಎಂದು ಕಂಡ ಕೂಡಲೇ ಸಿಸ್ಟಂ ತನ್ನ ಕೂಗನ್ನು ತಗ್ಗಿಸಿಕೊಳ್ಳುತ್ತದೆ. ಬಿಡ್ ಕ್ಯಾಪ್‌ನಲ್ಲಿ ಆ ತಿದ್ದುಪಡಿಯನ್ನು ಮನುಷ್ಯರೇ ಮಾಡಬೇಕು. ಹೊಸ ವಿಡಿಯೊ ಹಾಕಿದಾಗ, ಹೊಸ ಬಗೆಯ ಸೀರೆ ಇಳಿಸಿದಾಗ, ಹಬ್ಬದ ಮುಂಚೆ ಅಂದಾಜುಗಳು ತಪ್ಪುವುದು ಹೆಚ್ಚು. ದಿನಾ ಕೂತು ನೋಡಲು ಒಬ್ಬರಿದ್ದರೆ ಬಿಡ್ ಕ್ಯಾಪ್ ಸರಿ. ಪ್ಯಾಕಿಂಗ್ ಮಾಡುವವರೇ ಜಾಹೀರಾತನ್ನೂ ನೋಡಿಕೊಳ್ಳುವ ಅಂಗಡಿಗೆ, ಸರಿಯಾದ ಅಂಕಿ ಹಾಕಿದ ಕಾಸ್ಟ್ ಕ್ಯಾಪ್ ವಾಸಿ.

ಸರಿಯಾದ ಅಂಕಿ ಎಂಬಲ್ಲೇ ಇರುವುದು ಕಷ್ಟ. 3,000, 4,000, 5,000 ಎಂದು ಮೇಲೆ ಸಲೀಸಾಗಿ ಬರೆದ ಮೆಟ್ಟಿಲುಗಳನ್ನು ನಿಜದಲ್ಲಿ ಹತ್ತಲು ತಾಳ್ಮೆ ಬೇಕು. ದಿನಕ್ಕೆ ಸರಾಸರಿ 12 ಆರ್ಡರ್ ಬರುವ ಅಂಗಡಿಯಲ್ಲಿ ಒಂದು ದಿನ 8, ಇನ್ನೊಂದು ದಿನ 16 ಬರುವುದು ಬರೀ ಆಕಸ್ಮಿಕ. ಏನೂ ಕೆಟ್ಟಿರುವುದಿಲ್ಲ, ಏನೂ ಸುಧಾರಿಸಿರುವುದಿಲ್ಲ. ಆದರೆ ಪರದೆಯ ಮೇಲೆ ಒಂದು ದಿನ 375, ಇನ್ನೊಂದು ದಿನ 188 ಎಂದು ಕಾಣುತ್ತದೆ. ಇದನ್ನು ನೋಡಿ ಗಾಬರಿಯಾಗಿ ಬಜೆಟ್ ತಗ್ಗಿಸಿ, ಮರುದಿನ ಖುಷಿಯಾಗಿ ಏರಿಸುವವರೇ ಹೆಚ್ಚು. ದೊಡ್ಡ ಬದಲಾವಣೆ ಮಾಡಿದಾಗಲೆಲ್ಲಾ ಕಲಿಕೆಯ ಹಂತ ಮತ್ತೆ ಮೊದಲಾಗುತ್ತದೆ, ಹಾಗಾಗಿ ಈ ಏರಿಳಿತದಲ್ಲಿ ಸಿಸ್ಟಂ ಏನನ್ನೂ ನೆಟ್ಟಗೆ ಕಲಿಯುವುದಿಲ್ಲ. ವಾರದ ಮಟ್ಟಕ್ಕೆ ಹೋದರೆ ಆಕಸ್ಮಿಕದ ಆಟ ತಗ್ಗುತ್ತದೆ: 84ರ ಬದಲು 75 ಅಥವಾ 93 ಬರಬಹುದು, ಅಂದರೆ 226ರಿಂದ 280ರ ನಡುವೆ. ಒಂದೊಂದು ಮೆಟ್ಟಿಲಿಗೂ ಎರಡು ವಾರ ಕೊಟ್ಟು, ಬದಲಾಯಿಸಿದ ಮೊದಲ ಕೆಲವು ದಿನಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಚಿತ್ರ ಸುಮಾರಾಗಿ ಕಾಣುತ್ತದೆ. ಅಷ್ಟು ಮಾಡಿದರೂ ಕೊನೆಯ ಮೆಟ್ಟಿಲಿನ 467 ಎಂಬ ಅಂಕಿ ನಿಜದಲ್ಲಿ ಬಹಳ ಕಡಿಮೆಯೂ ಇದ್ದೀತು, ಬಹಳ ಹೆಚ್ಚೂ ಇದ್ದೀತು. ಒಂದು ಮೆಟ್ಟಿಲನ್ನು ನಂಬುವುದಕ್ಕಿಂತ ಮೂರು ಮೆಟ್ಟಿಲುಗಳ ಏರುಮುಖವನ್ನು ನಂಬುವುದು ಲೇಸು.

ಇನ್ನೊಂದು ಮೋಸ ಹೋಗುವ ಜಾಗ ‘ನಿನ್ನೆ’. ಯಾರಾದರೂ ಜಾಹೀರಾತು ಒತ್ತಿದ ಏಳು ದಿನಗಳೊಳಗೆ, ಇಲ್ಲವೇ ಬರೀ ನೋಡಿದ ಒಂದು ದಿನದೊಳಗೆ ಕೊಂಡರೆ ಅದನ್ನು ಜಾಹೀರಾತಿನ ಖಾತೆಗೆ ಬರೆಯುವುದು ಮೆಟಾದ ಸಾಮಾನ್ಯ ರೂಢಿ. ಆ ಆರ್ಡರ್ ದಾಖಲಾಗುವುದು ಕೊಂಡ ದಿನಕ್ಕಲ್ಲ, ಜಾಹೀರಾತು ತೋರಿಸಿದ ದಿನಕ್ಕೆ. ಸೋಮವಾರ ಸೀರೆ ನೋಡಿ, ಗುರುವಾರ ಸಂಬಳ ಬಂದ ಮೇಲೆ ಕೊಂಡವರು ಸೋಮವಾರದ ಲೆಕ್ಕಕ್ಕೆ ಸೇರುತ್ತಾರೆ. ಆದ್ದರಿಂದ ಮಂಗಳವಾರ ಬೆಳಿಗ್ಗೆ ನೋಡಿದಾಗ ಸೋಮವಾರ ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ. ಬೆಲೆ ಹೆಚ್ಚಿನ ಸರಕಿನಲ್ಲಿ, ಮನೆಯವರನ್ನೆಲ್ಲಾ ಕೇಳಿ ಕೊಳ್ಳುವ ಸರಕಿನಲ್ಲಿ, ಈ ತಡ ಇನ್ನೂ ಹೆಚ್ಚು. ಹೋದ ವಾರದ ಲೆಕ್ಕವನ್ನು ಈ ವಾರದ ಕೊನೆಗೆ ಓದುವುದೇ ಸರಿ.

ಕ್ಯಾಪ್ ಹಾಕಿದ ಮೇಲೆ ಬಹುಪಾಲು ಜನ ಮೊದಲು ಕಾಣುವ ತೊಂದರೆ ಒಂದೇ: ಹಣ ಖರ್ಚಾಗುವುದಿಲ್ಲ. 250ರ ಸರಾಸರಿ ಇದ್ದ ಅಂಗಡಿ ಆಸೆಗೆ ಬಿದ್ದು 200 ಎಂದು ಹಾಕುತ್ತದೆ. ಮೂರು ಸಾವಿರ ಖರ್ಚಾಗುತ್ತಿದ್ದಲ್ಲಿ ದಿನಕ್ಕೆ ಮುನ್ನೂರು ಹೋಗುತ್ತದೆ, ಒಂದೆರಡು ಆರ್ಡರ್ ಬರುತ್ತವೆ. ಜಾಹೀರಾತೇ ಕೆಟ್ಟಿತು ಎಂದು ವಿಡಿಯೊ ಬದಲಿಸುತ್ತಾರೆ, ಆ್ಯಡ್ ಸೆಟ್ ಅಳಿಸಿ ಹೊಸದು ಮಾಡುತ್ತಾರೆ. ಕೆಟ್ಟಿದ್ದು ಏನೂ ಇಲ್ಲ. ‘ಈ ಬೆಲೆಗೆ ಇಷ್ಟೇ ಸಿಗುವುದು’ ಎಂದು ಹರಾಜು ಉತ್ತರ ಕೊಟ್ಟಿದೆ, ಅಷ್ಟೆ. ಆದರೆ ಈ ಸ್ಥಿತಿಯಲ್ಲಿ ಬಹಳ ದಿನ ಬಿಟ್ಟರೆ ನಿಜಕ್ಕೂ ಕೆಡುತ್ತದೆ. ವಾರಕ್ಕೆ ಎಂಟು ಹತ್ತು ಆರ್ಡರ್‌ಗಳಿಂದ ಸಿಸ್ಟಂಗೆ ಕಲಿಯಲು ಏನೂ ಸಿಗುವುದಿಲ್ಲ, ಅಂದಾಜುಗಳು ಹಳಸುತ್ತವೆ. ಕೆಲಸ ಬಲ್ಲವರು ಹೀಗೆ ಮಾಡುತ್ತಾರೆ: ಕಳೆದ ನಾಲ್ಕು ವಾರದ ಸರಾಸರಿಗಿಂತ ತುಸು ಮೇಲೆ, 275ರ ಆಸುಪಾಸಿನಲ್ಲಿ ಶುರು ಮಾಡುತ್ತಾರೆ. ವಾರ ಕಳೆದ ಮೇಲೆ ಖರ್ಚು ಸರಾಗವಾಗಿ ಆಗುತ್ತಿದ್ದರೆ ಐದು ಹತ್ತು ರೂಪಾಯಿ ತಗ್ಗಿಸುತ್ತಾರೆ. ಖರ್ಚು ದಿಢೀರನೆ ಕುಸಿಯುವ ಜಾಗ ಸಿಕ್ಕಿದಾಗ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲುತ್ತಾರೆ.

ಕ್ಯಾಪ್ ಇದ್ದಾಗ ಬಜೆಟ್ಟಿನ ಪಾತ್ರವೂ ಬದಲಾಗುತ್ತದೆ. ಮೊದಲು ಬಜೆಟ್ಟೇ ಬ್ರೇಕ್ ಆಗಿತ್ತು. ಈಗ ಬ್ರೇಕ್ ಕ್ಯಾಪ್. ಬಜೆಟ್ಟನ್ನು ಬಿಗಿಯಾಗಿ 3,000ಕ್ಕೇ ಕಟ್ಟಿಹಾಕಿದರೆ ಕ್ಯಾಪ್‌ನಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಒಳ್ಳೆಯ ದಿನ ಹೆಚ್ಚು ಕೊಳ್ಳಲು ಅವಕಾಶವೇ ಇರುವುದಿಲ್ಲ. ಹಾಗಾಗಿ 6,000 ಇಟ್ಟು, ಮಂದ ದಿನ 2,000 ಖರ್ಚಾಗಲಿ, ಭಾನುವಾರ ಸಂಜೆಗೋ ಸಂಬಳದ ವಾರಕ್ಕೋ 5,500 ಹೋಗಲಿ ಎಂದು ಬಿಡುವುದು ರೂಢಿ. ಕೆಲವರು ಇದನ್ನೇ ಅತಿ ಮಾಡಿ, ‘ಹೇಗೂ ಕ್ಯಾಪ್ ಇದೆಯಲ್ಲ’ ಎಂದು ದಿನಕ್ಕೆ 50,000 ಬರೆದು ಮಲಗುತ್ತಾರೆ. ಅದು ಮೂರ್ಖತನ. ಒಂದು ದಿನ ಪೂರ್ತಿ ಕಳೆದುಕೊಂಡರೂ ಅಂಗಡಿ ತಡೆದುಕೊಳ್ಳುವಷ್ಟು ಮಾತ್ರ ಬಜೆಟ್ ಇರಬೇಕು. ಕಾರಣ ಪಿಕ್ಸೆಲ್.

ಪಿಕ್ಸೆಲ್ ಎಂದರೆ ಅಂಗಡಿಯ ವೆಬ್‌ಸೈಟಿನಲ್ಲಿ ಕೂತು ಖರೀದಿಯಾದಾಗಲೆಲ್ಲಾ ಮೆಟಾಗೆ ಸುದ್ದಿ ಕಳಿಸುವ ಸಣ್ಣ ಕೋಡ್. 2021ರಲ್ಲಿ ಆ್ಯಪಲ್ ಕಂಪನಿ ಐಫೋನ್‌ಗಳಲ್ಲಿ ಜಾಡು ಹಿಡಿಯಲು ಬಳಕೆದಾರರ ಅನುಮತಿ ಕಡ್ಡಾಯ ಮಾಡಿದ ಮೇಲೆ, ಸರ್ವರ್‌ನಿಂದಲೇ ನೇರವಾಗಿ ಇನ್ನೊಂದು ಸುದ್ದಿ ಕಳಿಸುವುದು ಹೆಚ್ಚಾಯಿತು. ಎರಡೂ ಕಡೆಯಿಂದ ಬಂದದ್ದು ಒಂದೇ ಆರ್ಡರ್ ಎಂದು ಗುರುತಿಸಲು ಎರಡರಲ್ಲೂ ಒಂದೇ `event_id` ಇರಬೇಕು. ವೆಬ್‌ಸೈಟ್ ಥೀಮ್ ಬದಲಿಸಿದಾಗಲೋ ಹೊಸ ಪೇಮೆಂಟ್ ಪ್ಲಗಿನ್ ಹಾಕಿದಾಗಲೋ ಇದು ತಪ್ಪುತ್ತದೆ. ಆಗ ಒಂದು ಆರ್ಡರ್ ಎರಡಾಗಿ ಎಣಿಕೆಯಾಗುತ್ತದೆ. ನಿಜದಲ್ಲಿ 500 ಬೀಳುತ್ತಿರುವ ಆರ್ಡರ್ ಸಿಸ್ಟಂ ಕಣ್ಣಿಗೆ 250 ಆಗಿ ಕಾಣುತ್ತದೆ. 270ರ ಕ್ಯಾಪ್ ಅದಕ್ಕೆ ಹಸಿರು ದೀಪ. ಕ್ಯಾಪ್ ಇಲ್ಲದವರಿಗೆ ಬಜೆಟ್ಟಿನಷ್ಟೇ ನಷ್ಟ, ಕ್ಯಾಪ್ ನಂಬಿ ಬಜೆಟ್ ಸಡಿಲ ಬಿಟ್ಟವರಿಗೆ ಅದರ ಹಲವು ಪಟ್ಟು.

ಇದನ್ನು ಹಿಡಿಯಲು ಯಾವ ದೊಡ್ಡ ಸಾಧನವೂ ಬೇಡ. ಪರದೆಯ ಮೇಲೆ 104 ಆರ್ಡರ್ ಎಂದಿದ್ದು, ಅಂಗಡಿಯ ಪುಸ್ತಕದಲ್ಲಿ ವಾಟ್ಸ್ಆ್ಯಪ್, ಹಳೆಯ ಗಿರಾಕಿ ಎಲ್ಲಾ ಸೇರಿ ಆ ವಾರ 70 ಮಾತ್ರ ಇದ್ದರೆ ಎಣಿಕೆ ಕೆಟ್ಟಿದೆ ಎಂದೇ ಅರ್ಥ. ತದ್ವಿರುದ್ಧ ಪ್ರಸಂಗವೂ ಉಂಟು. ಆರ್ಡರ್ ಎಂದಿನಂತೆ ಬರುತ್ತಿದ್ದು, ಜಾಹೀರಾತಿನ ಖರ್ಚು ಮಾತ್ರ ಒಮ್ಮೆಲೇ ನಿಂತರೆ ಪಿಕ್ಸೆಲ್ ಮೌನವಾಗಿದೆಯೇ ಎಂದು ನೋಡಬೇಕು. ಸಿಸ್ಟಂಗೆ ಒಂದೂ ಖರೀದಿ ಕಾಣದಿದ್ದಾಗ ಅದು ಕ್ಯಾಪ್ ಉಳಿಸಿಕೊಳ್ಳಲು ಕೂಗುವುದನ್ನೇ ಬಿಟ್ಟಿರುತ್ತದೆ.

ಪುಸ್ತಕ ಮತ್ತು ಪರದೆಯನ್ನು ಜೊತೆಗಿಟ್ಟು ನೋಡುವುದರಿಂದ ಇನ್ನೂ ಒಂದು ಗುಟ್ಟು ರಟ್ಟಾಗುತ್ತದೆ. ಸರಾಸರಿಯನ್ನು ಕೆಳಗಿಡು ಎಂದು ಹೇಳಿದರೆ ಸಿಸ್ಟಂಗೆ ಸುಲಭದ ದಾರಿಯೊಂದಿದೆ: ಈಗಾಗಲೇ ಅಂಗಡಿಯಲ್ಲಿ ಕೊಂಡವರು, ಕಾರ್ಟಿನಲ್ಲಿ ಸೀರೆ ಇಟ್ಟು ಬಿಟ್ಟುಹೋದವರು. ಇವರಲ್ಲಿ ಎಷ್ಟೋ ಮಂದಿ ಜಾಹೀರಾತು ಇಲ್ಲದೆಯೂ ಕೊಳ್ಳುತ್ತಿದ್ದರು. ಅವರಿಗೇ ಮತ್ತೆ ಮತ್ತೆ ತೋರಿಸಿ 120 ರೂಪಾಯಿಗೆ ಬಂದ ಆರ್ಡರ್‌ಗಳು ಸರಾಸರಿಯನ್ನು ತಗ್ಗಿಸುತ್ತವೆ, ಆ ಉಳಿತಾಯದಲ್ಲಿ ಹೊಸಬರನ್ನು 450ಕ್ಕೆ ತಂದರೂ 270 ಮೀರುವುದಿಲ್ಲ. ಪರದೆ ಚಂದ, ಪುಸ್ತಕ ಬಡಕಲು. ಆರು ತಿಂಗಳಲ್ಲಿ ಕೊಂಡವರ ಪಟ್ಟಿಯನ್ನು ಈ ಪ್ರಚಾರದಿಂದ ಹೊರಗಿಟ್ಟು, ಅವರಿಗೆ ಬೇಕಿದ್ದರೆ ಬೇರೆ ಸಣ್ಣ ಬಜೆಟ್ ಇಟ್ಟರೆ ಕ್ಯಾಪ್ ಎಂಬ ಅಂಕಿಗೆ ಒಂದು ಅರ್ಥ ಬರುತ್ತದೆ.

ಒಂದೇ ಬೆಲೆಯ ಸೀರೆ ಮಾರುವವರಿಗೆ ಇಷ್ಟು ಸಾಕು. 900ರ ಹತ್ತಿ ಸೀರೆಯನ್ನೂ 9,000ದ ರೇಷ್ಮೆಯನ್ನೂ ಒಟ್ಟಿಗೆ ಮಾರುವವರಿಗೆ ‘ಆರ್ಡರ್‌ಗೆ ಇಷ್ಟು’ ಎಂಬ ಮಿತಿಯೇ ಹೊಂದುವುದಿಲ್ಲ. ಸಿಸ್ಟಂ ಸುಲಭವಾಗಿ ಹೋಗುವ ಅಗ್ಗದ ಸೀರೆಯತ್ತಲೇ ವಾಲುತ್ತದೆ. ಅವರಿಗೆ ‘ROAS goal’ ಎಂಬ, ಹಾಕಿದ ರೂಪಾಯಿಗೆ ಎಷ್ಟು ರೂಪಾಯಿ ಮಾರಾಟ ಎಂದು ಗುರಿ ಇಡುವ ವಿಧಾನವಿದೆ. ಅದೂ ಸರಾಸರಿಯೇ ಆದ್ದರಿಂದ ಈವರೆಗೆ ಹೇಳಿದ ಎಚ್ಚರಿಕೆಗಳೆಲ್ಲಾ ಅದಕ್ಕೂ ಅನ್ವಯ. ಲಿಂಕ್ಡ್‌ಇನ್‌ನಲ್ಲೂ ಕಾಸ್ಟ್ ಕ್ಯಾಪ್ ಇದೆ. ಟಿಕ್‌ಟಾಕ್‌ನಲ್ಲೂ ಇದೆ, ಆದರೆ 2020ರ ಜೂನ್‌ನಿಂದ ಅದು ಭಾರತದಲ್ಲಿ ನಿಷೇಧಿತ. ದುಬೈ, ಅಮೆರಿಕದ ಕನ್ನಡಿಗರಿಗೆ ಸೀರೆ ಕಳಿಸುವವರಿಗಷ್ಟೇ ಅದರ ಪ್ರಸಕ್ತಿ.

ದೀಪಾವಳಿಯಂಥ ಹೊತ್ತಿನಲ್ಲಿ ಕ್ಯಾಪ್ ಮುಟ್ಟಬೇಕೇ ಎಂಬ ಪ್ರಶ್ನೆ ಪ್ರತಿವರ್ಷ ಬರುತ್ತದೆ. ಹಬ್ಬದ ಮುಂಚೆ ದೊಡ್ಡ ಕಂಪನಿಗಳೆಲ್ಲಾ ಹರಾಜಿಗೆ ನುಗ್ಗುವುದರಿಂದ ಒಂದು ನೋಟದ ಬೆಲೆ ಏರುತ್ತದೆ. ಅದೇ ಹೊತ್ತಿಗೆ ಸೀರೆ ಕೊಳ್ಳುವ ಮನಸ್ಸೂ ಏರುತ್ತದೆ. ಎರಡೂ ಸಮನಾಗಿ ಏರಿದರೆ ಆರ್ಡರ್‌ನ ಬೆಲೆ ಇದ್ದಲ್ಲೇ ಇರುತ್ತದೆ, ಕ್ಯಾಪ್ ಮುಟ್ಟುವ ಅಗತ್ಯವಿಲ್ಲ. ಬಜೆಟ್ ಸಡಿಲ ಮಾಡಿದರಾಯಿತು. ಹಬ್ಬದ ಮಾರನೆಯ ದಿನ ನೋಟದ ಬೆಲೆಗಿಂತ ಬೇಗ ಕೊಳ್ಳುವ ಮನಸ್ಸು ಇಳಿಯುತ್ತದೆ. ಹಿಂದಿನ ವಾರದ ಅಂಕಿಗಳನ್ನು ನೋಡಿ ಸಿಸ್ಟಂ ಇನ್ನೂ ಹುರುಪಿನಲ್ಲಿ ಕೂಗುತ್ತಿರುತ್ತದೆ. ಬಿಗಿಯಾಗಬೇಕಾದ್ದು ಆಗ. ಹಬ್ಬ ಮುಗಿದ ರಾತ್ರಿಯೇ ಬಜೆಟ್ಟನ್ನು ಹಳೆಯ ಮಟ್ಟಕ್ಕೆ ತರುವುದು ಅನುಭವಸ್ಥರ ಪಾಠ.

407 ಎಂಬ ಮೂಲ ಅಂಕಿ ಕೂಡ ಶಿಲಾಶಾಸನವಲ್ಲ. ನಮ್ಮ ಅಂಗಡಿ ಕ್ಯಾಶ್ ಆನ್ ಡೆಲಿವರಿ ಗಿರಾಕಿಗಳಿಗೆ ಪಾರ್ಸೆಲ್ ಹೊರಡುವ ಮೊದಲು ಒಂದು ಫೋನ್ ಮಾಡಲು ಶುರು ಮಾಡಿತು, ವಾಪಸು ಬರುವುದು ನೂರಕ್ಕೆ 15ರಿಂದ 8ಕ್ಕೆ ಇಳಿಯಿತು ಎನ್ನೋಣ. ಮೊದಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ ಆರ್ಡರ್‌ನ ಬೆಲೆ 457ಕ್ಕೆ ಏರುತ್ತದೆ. ಜಾಹೀರಾತಿನಲ್ಲಿ ಏನನ್ನೂ ಮುಟ್ಟದೆ ಐವತ್ತು ರೂಪಾಯಿ ಜಾಗ ಸಿಕ್ಕಿತು. ಆದರೂ ದಿನಕ್ಕೆ 5,000ದ ಮೆಟ್ಟಿಲು ಇನ್ನೂ ಹತ್ತು ರೂಪಾಯಿ ದುಬಾರಿ: ಆ ಹದಿನೈದು ಆರ್ಡರ್ ಬೀಳುವುದು 467ಕ್ಕೆ. ಮಧ್ಯದ 4,500ನ್ನು ಎರಡು ವಾರ ನಡೆಸಿ ನೋಡಬಹುದು. ಕಾಸ್ಟ್ ಕ್ಯಾಪ್ ಇಟ್ಟವರಾದರೆ 270ನ್ನು 280ಕ್ಕೆ ಏರಿಸಿ, ಹೆಚ್ಚುವರಿಯಾಗಿ ಬಂದ ಆರ್ಡರ್‌ಗಳಷ್ಟನ್ನೇ ಬೇರೆ ತೆಗೆದು ಅವುಗಳಿಗೆ ಎಷ್ಟೆಷ್ಟು ಬಿದ್ದಿತು ಎಂದು ಮೂರನೆಯ ವಾರ ಲೆಕ್ಕ ಹಾಕಬಹುದು.